‘ಬಳಸಬಾರದು’ ಅಂದವರು ಯಾರು? ಒಂದು ಕೆರೆ ಸಭೆಯ ವರದಿ ಎಡವಿದ ಪ್ರಕರಣ

ಇದು ಕೋಲಾರ ತಾಲ್ಲೂಕಿನ ಒಂದು ಊರಿನ ಕೆರೆ ಸಂಘದಲ್ಲಿ ನಡೆದದ್ದು. ಊರಿನ ಹೆಸರು ಬೇಡ. ಜನರ ಹೆಸರನ್ನೂ, ಗುರುತು ಸಿಗುವಂಥ ಒಂದೆರಡು ವಿವರವನ್ನೂ ಬದಲಿಸಿದ್ದೇನೆ. ಸುತ್ತಮುತ್ತಲ ಹತ್ತು ಹನ್ನೆರಡು ಕೆರೆ ಸಂಘಗಳ ಲೆಕ್ಕ ಮತ್ತು ನಡಾವಳಿ ಪುಸ್ತಕ ನೋಡಿಕೊಡುವುದು ನನ್ನ ಕೆಲಸ. ಸಾಮಾನ್ಯವಾಗಿ ನನ್ನ ಹತ್ತಿರ ಬರುವ ತಕರಾರು ದುಡ್ಡಿನದು. ಈ ಸಲ ಬಂದದ್ದು ಒಂದು ಕ್ರಿಯಾಪದದ್ದು.

ಹಿನ್ನೆಲೆ

ನಮ್ಮ ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ, ಕೆರೆಗಳೇ ಎಲ್ಲ. ಈ ಊರಿನ ಕೆರೆ ಎಷ್ಟೋ ವರ್ಷ ಒಣಗಿ ಜಾಲಿ ಬೆಳೆದು ನಿಂತಿತ್ತು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸಲು 2018ರಲ್ಲಿ ಶುರು ಮಾಡಿದರಲ್ಲ, ಆಮೇಲೆ ಒಂದು ಕೆರೆ ತುಂಬಿ ಕೋಡಿ ಹರಿದು ಇನ್ನೊಂದಕ್ಕೆ ಹೋಗುತ್ತ ಕೊನೆಗೆ ಈ ಕೆರೆಗೂ ನೀರು ಬಂತು. ಆ ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣ. ಕೆರೆ ತುಂಬಬೇಕು, ನೀರು ಇಂಗಬೇಕು, ಸುತ್ತಲ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬರಬೇಕು.

ಕೆರೆ ತುಂಬಿದ ಮೇಲೆ ಬೇಡಿಕೆಗಳೂ ತುಂಬಿದವು. ಅಚ್ಚುಕಟ್ಟಿನ ಕೆಲವರು ಟೊಮೆಟೊಗೆ ಅಂತ ರಾತ್ರಿ ಹೊತ್ತು ಕೆರೆಗೇ ಮೋಟರ್ ಇಟ್ಟರು. ಒಬ್ಬರು ಮೀನು ಟೆಂಡರ್ ಹಿಡಿದರು. ಕುರಿ ಸಾಕುವವರು ಮಧ್ಯಾಹ್ನ ಏರಿ ಹತ್ತಿರ ಮಂದೆ ನಿಲ್ಲಿಸತೊಡಗಿದರು. ಈ ಮೂವರ ನಡುವೆ ಮಾತು ಬೆಳೆದು ಸಂಘ ಒಂದು ಸಭೆ ಕರೆಯಿತು. ಇಲಾಖೆಯ ಒಬ್ಬ ಎಂಜಿನಿಯರ್ ಬಂದರು. ಸಭೆ ಒಂದು ಗಂಟೆ ಐವತ್ತು ನಿಮಿಷ ನಡೆಯಿತು.

ಸಂಘದ ಬರವಣಿಗೆ ನೋಡಿಕೊಳ್ಳುವ ಹುಡುಗಿಯನ್ನು ಸುಧಾ ಅಂತ ಕರೆಯೋಣ. ಬಿ.ಎ. ಮುಗಿಸಿದ್ದಾಳೆ, ಕೈಬರಹ ಮುತ್ತಿನಂತಿದೆ. ಸಭೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ರಾತ್ರಿ ಕೂತು ಒಂದು ಪುಟದ ಸಾರಾಂಶ ಬರೆದಳು. ಮರುದಿನ ಬೆಳಿಗ್ಗೆ ಅದನ್ನು ಹಾಲಿನ ಡೈರಿ ಗೋಡೆಗೆ ಅಂಟಿಸಿದಳು. ನಮ್ಮ ಊರುಗಳಲ್ಲಿ ಏನನ್ನಾದರೂ ಎಲ್ಲರಿಗೂ ಮುಟ್ಟಿಸಬೇಕಾದರೆ ಅದೇ ಜಾಗ. ದಿನಕ್ಕೆ ಎರಡು ಸಲ ಎಲ್ಲ ಮನೆಯವರೂ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ, ಕಣ್ಣಿಗೆ ಬೇರೆ ಕೆಲಸ ಇರುವುದಿಲ್ಲ.

ಸಮಸ್ಯೆ

ಆ ಪುಟದಲ್ಲಿ ಒಂಬತ್ತು ಕಡೆ ಉದ್ಧರಣ ಚಿಹ್ನೆ ಇತ್ತು. ನಾನು ಆಮೇಲೆ ಎಣಿಸಿದೆ. ಮೊದಲನೆಯದು ಸ್ವಾಗತ ಭಾಷಣದ “ಕೆರೆ ನಮ್ಮೂರಿನ ತಾಯಿ ಇದ್ದಂತೆ”. ಎರಡನೆಯದು “ಎಲ್ಲರೂ ಒಗ್ಗಟ್ಟಾಗಿರಬೇಕು”. ಇಂಥವೇ ಆರೇಳು. ಯಾಕೆ ಹಾಕಿದೆ ಅಂತ ಕೇಳಿದರೆ, “ಸುಮ್ನೆ, ವರದಿ ಚೆನ್ನಾಗಿ ಕಾಣಲಿ ಅಂತ ಸಾರ್” ಅಂದಳು. ಅದರಲ್ಲಿ ಸುಳ್ಳೇನೂ ಇಲ್ಲ, ಅವರು ಹಾಗೇ ಹೇಳಿದ್ದರು. ಆದರೆ ಕೆರೆ ತಾಯಿ ಇದ್ದಂತೆ ಅಂದರೂ ಒಂದೇ, ಅಮ್ಮ ಇದ್ದ ಹಾಗೆ ಅಂದರೂ ಒಂದೇ. ಆ ಪದವೇ ಬೇಕು ಅನ್ನುವ ಕಾರಣ ಅಲ್ಲಿ ಇರಲಿಲ್ಲ.

ಪದ ಪದವೂ ಬೇಕಾಗಿದ್ದ ಜಾಗದಲ್ಲಿ ಚಿಹ್ನೆಯೇ ಇರಲಿಲ್ಲ. ಎಂಜಿನಿಯರ್ ಹೇಳಿದ್ದನ್ನು ಸುಧಾ ಹೀಗೆ ಬರೆದಿದ್ದಳು:

ಕೆರೆ ನೀರನ್ನು ಬಳಸಬಾರದು ಎಂದು ಅಧಿಕಾರಿಗಳು ಸ್ಪಷ್ಟವಾಗಿ ತಿಳಿಸಿದರು.

ರೆಕಾರ್ಡಿಂಗಿನ 47ನೇ ನಿಮಿಷದಲ್ಲಿ ಅವರು ಹೇಳಿರುವುದು ಇದು:

“ಕೆರೆಗೆ ಮೋಟರ್ ಇಟ್ಟು ನೀರು ಎತ್ತೋ ಹಾಗಿಲ್ಲ. ಬೋರ್‌ವೆಲ್ ವಿಷಯ ನಾನು ಹೇಳ್ತಿಲ್ಲ, ಅದು ಬೇರೆ. ಕುಡಿಯೋಕಂತೂ ಬೇಡ್ವೇ ಬೇಡ.”

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ‘ಮೋಟರ್ ಇಟ್ಟು ಎತ್ತೋದು’ ಒಂದು ಕೆಲಸ. ‘ಬಳಸೋದು’ ನೂರು ಕೆಲಸ. ಮಂದೆಗೆ ನೀರು ಕುಡಿಸುವುದು, ಬಟ್ಟೆ ಒಗೆಯುವುದು, ಮೀನು ಬಿಡುವುದು ಎಲ್ಲವೂ ‘ಬಳಸು’ ಅನ್ನುವುದರ ಹೊಟ್ಟೆಯೊಳಗೆ ಬರುತ್ತವೆ. ಸುಧಾ ಸುಳ್ಳು ಬರೆಯಲಿಲ್ಲ. ಚಿಕ್ಕದಾಗಿ ಬರೆಯಲು ಹೋಗಿ ದೊಡ್ಡ ಪದ ಹಾಕಿದಳು. ಸಾರಾಂಶ ಬರೆಯುವವರೆಲ್ಲ ಮಾಡುವುದೇ ಅದು: ಮೂರು ಪುಟ್ಟ ಪದಗಳ ಜಾಗಕ್ಕೆ ಅವನ್ನೆಲ್ಲ ಒಳಗೆ ಹಾಕಿಕೊಳ್ಳುವ ಒಂದು ಪದ ಹುಡುಕುವುದು. ಮಾತು ಸ್ವಾಗತ ಭಾಷಣದ್ದಾದರೆ ಇದರಿಂದ ಏನೂ ಆಗುವುದಿಲ್ಲ. ಮಾತು ನಿಷೇಧದ್ದಾದರೆ, ಪದ ಹಿಗ್ಗಿದಷ್ಟೂ ನಿಷೇಧ ಹಿಗ್ಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಕೆರೆಯ ತೂಬು ಸೋರುತ್ತಿತ್ತು. ಅದರ ಬಗ್ಗೆ ಸಾರಾಂಶದಲ್ಲಿ ಹೀಗಿತ್ತು: “ಯುಗಾದಿಯೊಳಗೆ ತೂಬು ದುರಸ್ತಿ ಮಾಡಿಸುತ್ತೇನೆ” ಎಂದು ಅಧ್ಯಕ್ಷರು ಭರವಸೆ ನೀಡಿದರು. ಉದ್ಧರಣ ಚಿಹ್ನೆ ಸಮೇತ. ರೆಕಾರ್ಡಿಂಗಿನಲ್ಲಿ ಅಧ್ಯಕ್ಷರು ಅಂದದ್ದು, “ಯುಗಾದಿ ಹೊತ್ತಿಗೆ ಮಾಡ್ಸೋಕೆ ನೋಡೋಣ ... ದುಡ್ಡು ಬಂದ್ರೆ.” ‘ಮಾಡಿಸುತ್ತೇನೆ’ ಎಲ್ಲಿ, ‘ಮಾಡ್ಸೋಕೆ ನೋಡೋಣ’ ಎಲ್ಲಿ! ‘ನೋಡೋಣ’ ಅಂದರೆ ನಮ್ಮಲ್ಲಿ ಅರ್ಧಕ್ಕರ್ಧ ಇಲ್ಲ ಅಂತಲೇ ಅರ್ಥ, ಅಲ್ವಾ? ಕೊನೆಗೆ ಬಂದ ‘ದುಡ್ಡು ಬಂದ್ರೆ’ ಪೂರ್ತಿ ಬಿದ್ದೇ ಹೋಗಿತ್ತು. ತನ್ನ ವಾಕ್ಯಕ್ಕೆ ಚಿಹ್ನೆ ಹಾಕಿ ಸುಧಾ ಅದನ್ನು ಅಧ್ಯಕ್ಷರ ಬಾಯಿಗೆ ಇಟ್ಟಿದ್ದಳು.

ಆ ವಾರ ನಡೆದದ್ದು

ಮೀನು ಟೆಂಡರಿನವರು ಮೊದಲು ಬಂದರು. ನೀರು ಬಳಸಬಾರದು ಅಂದ ಮೇಲೆ ಎರಡನೇ ಕಂತು ಯಾಕೆ ಕಟ್ಟಬೇಕು, ಮೊದಲನೇ ಕಂತು ವಾಪಸ್ ಕೊಡಿ ಅಂದರು. ಮೋಟರ್ ಇಟ್ಟಿದ್ದವರು ಅದನ್ನೇ ಹಿಡಿದುಕೊಂಡು, ಯಾರೂ ಬಳಸಬಾರದು ಅಂದ ಮೇಲೆ ಮೀನೂ ಬೇಡ, ಕುರಿಯೂ ಬೇಡ, ಎಲ್ಲರಿಗೂ ಒಂದೇ ನ್ಯಾಯ ಅಂದರು. ನಿಷೇಧ ಇದ್ದದ್ದು ಅವರಿಗೆ ಮಾತ್ರ. ಸುಧಾಳ ಒಂದು ಪದದಿಂದ ಅವರಿಗೆ ಜೊತೆಗಾರರು ಸಿಕ್ಕಿಬಿಟ್ಟರು.

ಕುರಿ ಸಾಕುವ ಒಬ್ಬ ಅಜ್ಜಿ ಯಾರನ್ನೂ ಕೇಳಲಿಲ್ಲ. ಡೈರಿಯಲ್ಲಿ ಯಾರೋ ಓದಿದ್ದನ್ನು ಕೇಳಿಸಿಕೊಂಡು, ನಾಲ್ಕು ದಿನ ಮಂದೆಯನ್ನು ಎರಡು ಮೈಲಿ ಆಚೆಯ ತೊಟ್ಟಿಗೆ ಹೊಡೆದುಕೊಂಡು ಹೋದರು.

ಅಧ್ಯಕ್ಷರು ಡೈರಿಗೆ ಹೋದಲ್ಲೆಲ್ಲ ಯುಗಾದಿ ವಿಷಯ. ಅವರು ಸುಧಾಳ ಮನೆಗೆ ಹೋಗಿ, “ಏನಮ್ಮ, ನಾನು ಯಾವಾಗ ಹಂಗಂದೆ?” ಅಂತ ಕೇಳಿದರು. ಅವಳು ಪುಟ ತೋರಿಸಿ, “ಇಲ್ಲಿ ನಿಮ್ಮ ಮಾತೇ ಇದೆಯಲ್ಲ ಅಣ್ಣ” ಅಂದಳಂತೆ. ತಾನೇ ಬರೆದ ವಾಕ್ಯವನ್ನು ಮೂರೇ ದಿನದಲ್ಲಿ ಅವಳೂ ನಂಬಿಬಿಟ್ಟಿದ್ದಳು. ಚಿಹ್ನೆಗೆ ಅಂಥ ಶಕ್ತಿ ಇದೆ. ಓದುವವರನ್ನಷ್ಟೇ ಅಲ್ಲ, ಬರೆದವರನ್ನೂ ನಂಬಿಸುತ್ತದೆ.

ಮಾಡಿ ನೋಡಿದ್ದು

ಹೆದರಿದ ಸುಧಾ ಮೊದಲು ಮಾಡಿದ್ದು, ರೆಕಾರ್ಡಿಂಗನ್ನು ಪೂರ್ತಿ ಬರೆದು ಅಂಟಿಸಿದ್ದು. ಹನ್ನೊಂದು ಪುಟ. ಯಾರದೂ ಯಾವ ಮಾತೂ ತಪ್ಪಿರಲಿಲ್ಲ. ಓದಿದವರೂ ಇರಲಿಲ್ಲ. ಅವರವರಿಗೆ ಬೇಕಾದ ಸಾಲನ್ನು ಹುಡುಕಿ ಫೋಟೋ ತೆಗೆದು ಗ್ರೂಪಿಗೆ ಹಾಕಿದರು, ಅಷ್ಟೇ. ಮೋಟರಿನವರು ಹಾಕಿದ್ದು ‘ಅದು ಬೇರೆ’ ಅನ್ನುವ ಸಾಲು. ಮುಂದೆ ಹಿಂದೆ ಏನಿದೆ ಅಂತ ನೋಡುವವರು ಯಾರು? ಪೂರ್ತಿ ಬರೆದರೆ ನಿಷ್ಪಕ್ಷಪಾತ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅಲ್ಲಿ ಆಯ್ಕೆ ಮಾಡುವ ಕೆಲಸ ಬರೆಯುವವರ ಕೈಯಿಂದ ಜಗಳ ಆಡುವವರ ಕೈಗೆ ಹೋಯಿತು.

ಆಮೇಲೆ ತದ್ವಿರುದ್ಧ ಮಾಡಿದಳು. ಒಂದೂ ಚಿಹ್ನೆ ಇಲ್ಲದ ಸಾರಾಂಶ. ಎಲ್ಲವೂ ಎಂದರು, ಎಂದು ತಿಳಿಸಿದರು. ಆಗ ಬಂದ ತೊಡಕು ನನಗೂ ಹೊಸದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅದರಲ್ಲಿ ಒಂದು ಸಾಲು ಹೀಗಿತ್ತು: ಏರಿ ಒಡೆದರೆ ನಾವು ಜವಾಬ್ದಾರರಲ್ಲ ಎಂದು ಎಂಜಿನಿಯರ್ ಹೇಳಿದರು.

ಇಲ್ಲಿ ‘ನಾವು’ ಯಾರು? ಎಂಜಿನಿಯರ್ ಹೇಳಿದ್ದು ತಮ್ಮ ಇಲಾಖೆಯ ಬಗ್ಗೆ. ಆದರೆ ಹಾಳೆಯ ತಲೆಯ ಮೇಲೆ ಸಂಘದ ಹೆಸರಿದೆ, ಕೆಳಗೆ ಸಂಘದ ಮೊಹರಿದೆ. ಓದಿದ ಅರ್ಧ ಊರು ‘ನಾವು’ ಅಂದರೆ ಸಂಘ ಅಂತ ತಿಳಿಯಿತು. ಅಂದರೆ ಸಂಘ ಜವಾಬ್ದಾರಿ ಅಲ್ಲ ಅಂತ ಎಂಜಿನಿಯರೇ ಒಪ್ಪಿಕೊಂಡ ಹಾಗೆ. ಸಾಲು ಒಂದೇ, ಹೊಣೆ ಮಾತ್ರ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ.

ಕನ್ನಡದ ‘ಎಂದು’, ‘ಅಂತ’ ಹಾಗೇ ಇವೆ. ಹೇಳಿದವರ ಮಾತನ್ನು ಇದ್ದ ಹಾಗೆ ಇಟ್ಟು ‘ಅಂತ’ ಸೇರಿಸಬಹುದು. ಅರ್ಥ ಮಾತ್ರ ತಗೊಂಡು ನಮ್ಮ ಮಾತಿನಲ್ಲಿ ಹೇಳಿ ‘ಅಂತ’ ಸೇರಿಸಬಹುದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ‘ನಾನು ಬರ್ತೀನಿ ಅಂತ ಹೇಳಿದ’ ಅಂದರೆ ಬರುವವನು ಅವನೋ, ನಾನೋ? ಎದುರಿಗೆ ಕೂತು ಮಾತಾಡುವಾಗ ದನಿಯಲ್ಲೇ ಗೊತ್ತಾಗುತ್ತದೆ. ಕಾಗದದಲ್ಲಿ ದನಿ ಇಲ್ಲ. ಹಾಗಾಗಿ ಚಿಹ್ನೆ ಬಿಟ್ಟರೆ ಪಾರಾದೆವು ಅನ್ನುವಂತಿಲ್ಲ. ಚಿಹ್ನೆ ಇಲ್ಲದ ಸಾಲಿನಲ್ಲಿ ‘ನಾನು’, ‘ನಾವು’ ಇರಲೇಬಾರದು. ‘ತಮ್ಮ ಇಲಾಖೆ ಜವಾಬ್ದಾರಿ ಅಲ್ಲ’ ಅಂತ ತಿರುಗಿಸಿ ಬರೆಯಬೇಕು. ಅದು ಆಗದಿದ್ದರೆ ಚಿಹ್ನೆಯೊಳಗೆ ಇಡಬೇಕು.

ಮೂರನೇ ಸಲ

ಒಂದು ಭಾನುವಾರ ಸುಧಾ, ನಾನು, ಅಧ್ಯಕ್ಷರು ಪಂಚಾಯ್ತಿ ಕಟ್ಟೆಯ ಮೇಲೆ ಕೂತೆವು. ಮಧ್ಯೆ ಫೋನು, ಪಕ್ಕದಲ್ಲಿ ಟೀ. ಇಡೀ ರೆಕಾರ್ಡಿಂಗ್ ಕೇಳುವುದು, ಪ್ರತಿ ಮುಖ್ಯ ಮಾತಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳುವುದು ಅಂತ ತೀರ್ಮಾನವಾಯಿತು: ಈ ಪದ ತೆಗೆದು ಬೇರೆ ಪದ ಹಾಕಿದರೆ, ನಾಳೆ ಬೆಳಿಗ್ಗೆ ಊರಿನಲ್ಲಿ ಯಾರಾದರೂ ಬೇರೆ ಥರ ನಡೆದುಕೊಳ್ಳುತ್ತಾರಾ? ಹೌದಾದರೆ ಆ ಮಾತು ಇದ್ದ ಹಾಗೇ ಬರಬೇಕು. ಇಲ್ಲದಿದ್ದರೆ ನಮ್ಮ ಮಾತಿನಲ್ಲಿ, ಆದಷ್ಟು ಚಿಕ್ಕದಾಗಿ.

ಇಡೀ ಸಭೆಯಲ್ಲಿ ಈ ಪ್ರಶ್ನೆಗೆ ನಿಂತದ್ದು ಮೂರೇ ಮಾತು. ಮೋಟರಿನ ನಿಷೇಧ, ತೂಬಿನ ‘ನೋಡೋಣ’, ಏರಿಯ ಜವಾಬ್ದಾರಿ. ತಾಯಿ, ಒಗ್ಗಟ್ಟು, ಜಲವೇ ಜೀವನ ಎಲ್ಲ ಹೋದವು. ‘ಸ್ಪಷ್ಟವಾಗಿ ತಿಳಿಸಿದರು’ ಅನ್ನುವುದರಲ್ಲಿ ‘ಸ್ಪಷ್ಟವಾಗಿ’ ಕೂಡ ಹೋಯಿತು. ಅದು ಸುಧಾಳ ತೀರ್ಪು, ಎಂಜಿನಿಯರದ್ದಲ್ಲ. ‘ಭರವಸೆ ನೀಡಿದರು’ ಕೂಡ ಹಾಗೇ. ಚಿಹ್ನೆಯೊಳಗಿನ ಮಾತು ಸರಿಯಾಗಿದ್ದರೂ, ಪಕ್ಕದಲ್ಲಿ ‘ಭರವಸೆ’ ಅಂತ ಬರೆದರೆ ಆ ‘ನೋಡೋಣ’ ಮತ್ತೆ ‘ಮಾಡಿಸುತ್ತೇನೆ’ ಆಗುತ್ತದೆ. ‘ಎಂದರು’ ಸಾಕು.

ಇದನ್ನೆಲ್ಲ ಬರೆಯುವಾಗ ಮೂರು ಜಗಳ ಆಯಿತು.

ಮೊದಲನೆಯದು ಆಡುಮಾತಿನದು. ‘ಎತ್ತೋ ಹಾಗಿಲ್ಲ’ ಅಂತ ಬರೆದರೆ ದೊಡ್ಡ ಅಧಿಕಾರಿಗೆ ಅವಮಾನ, ‘ಎತ್ತುವಂತಿಲ್ಲ’ ಅಂತ ತಿದ್ದೋಣ ಅಂದಳು ಸುಧಾ. ಅರ್ಥ ಬದಲಾಗುವುದಿಲ್ಲವಲ್ಲ ಅನ್ನುವುದು ಅವಳ ವಾದ. ಇಲ್ಲಿ ಅವಳು ಹೇಳುವುದು ನಿಜ, ಬದಲಾಗುವುದಿಲ್ಲ. ಆದರೆ ‘ಮಾಡ್ಸೋಕೆ ನೋಡೋಣ’ವನ್ನು ಗ್ರಾಂಥಿಕಕ್ಕೆ ತಿರುಗಿಸಿದರೆ? ‘ಮಾಡಿಸಲು ಪ್ರಯತ್ನಿಸೋಣ’ ಆಗುತ್ತದೆ. ಪ್ರಯತ್ನಕ್ಕೂ ‘ನೋಡೋಣ’ಕ್ಕೂ ಬಹಳ ದೂರ. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಯಾವುದು ಬಾಯಿಂದ ಬಂದದ್ದು, ಯಾವುದು ಪೆನ್ನಿನಿಂದ ಬಂದದ್ದು ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಕೊನೆಗೆ ಒಪ್ಪಿದ್ದು ಇಷ್ಟು: ಚಿಹ್ನೆಯೊಳಗೆ ಬಂದರೆ ತಿದ್ದುವ ಹಾಗಿಲ್ಲ, ತಿದ್ದಲೇಬೇಕು ಅನ್ನಿಸಿದರೆ ಚಿಹ್ನೆ ತೆಗೆಯಬೇಕು. ಬಿಕ್ಕಳಿಕೆ, ಕೆಮ್ಮು, ‘ಅದೂ... ಏನೂ...’ ಅನ್ನುವಂಥವನ್ನು ಬಿಡಬಹುದು ಅಂತ ಒಂದು ರಿಯಾಯಿತಿ ಕೊಟ್ಟೆವು.

ಎರಡನೆಯದು ಕತ್ತರಿಸುವುದರ ಬಗ್ಗೆ. ತೂಬಿನ ಮಾತಿನ ನಡುವೆ ಅಧ್ಯಕ್ಷರು ಹಳೆಯ ಕಂಟ್ರಾಕ್ಟರ್ ಒಬ್ಬರನ್ನು ಬೈದಿದ್ದರು. ಅದನ್ನು ತೆಗೆಯಿರಿ ಅಂತ ಅವರೇ ಕೇಳಿಕೊಂಡರು. ತೆಗೆದೆವು, ಅಲ್ಲಿ ಮೂರು ಚುಕ್ಕೆ ಇಟ್ಟೆವು. ಆಗ ಅಧ್ಯಕ್ಷರೇ ಒಂದು ಒಳ್ಳೆ ಪ್ರಶ್ನೆ ಕೇಳಿದರು: “ಚುಕ್ಕೆ ಇಟ್ಟು ಏನು ಬೇಕಾದ್ರೂ ತೆಗೀಬಹುದಾ? ಹಂಗಾದ್ರೆ ‘ದುಡ್ಡು ಬಂದ್ರೆ’ನೂ ಚುಕ್ಕೇಲಿ ಹೋಗ್ತಿತ್ತಲ್ಲ?” ಹೌದು, ಹೋಗುತ್ತಿತ್ತು. ಕನ್ನಡದಲ್ಲಿ ಷರತ್ತು ಸಾಮಾನ್ಯವಾಗಿ ಮೊದಲು ಬರುತ್ತದೆ. ಮಾತಾಡುವಾಗ ಮಾತ್ರ ನಾವು ಅದನ್ನು ಬಾಲದ ಥರ ಕೊನೆಗೆ ಅಂಟಿಸುತ್ತೇವೆ. ಬಾಲ ಕತ್ತರಿಸುವುದು ಸುಲಭ. ‘ಬಂದ್ರೆ’, ‘ಆದ್ರೆ’, ‘ಮಾತ್ರ’, ‘ಇಲ್ಲ’, ‘ನೋಡೋಣ’ ಇಂಥವಕ್ಕೆ ಕತ್ತರಿ ಹಾಕಬಾರದು ಅಂತ ಸುಧಾ ನಡಾವಳಿ ಪುಸ್ತಕದ ರಟ್ಟಿನ ಒಳಗೆ ಬರೆದಿಟ್ಟುಕೊಂಡಳು. ಇವತ್ತಿಗೂ ಇದೆ.

ಮೂರನೆಯದು ಅಜ್ಜಿಯದು. ಅದೇ ಇಡೀ ಪ್ರಕರಣದ ತಿರುವು.

ರೆಕಾರ್ಡಿಂಗಿನ ಕೊನೆಯ ಹತ್ತು ನಿಮಿಷದಲ್ಲಿ, ಗಲಾಟೆಯ ನಡುವೆ, ಹಿಂದಿನಿಂದ ಒಂದು ಹೆಂಗಸಿನ ದನಿ ಬರುತ್ತದೆ. ತೆಲುಗಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಇದು ದಿನನಿತ್ಯದ ಸಂಗತಿ; ಮನೆಯಲ್ಲಿ ತೆಲುಗು, ಕಾಗದದಲ್ಲಿ ಕನ್ನಡ. “ಗೊರ್ರೆಲಕು ನೀಳ್ಳು ತಾಪೊಚ್ಚಾ?” ಕುರಿಗಳಿಗೆ ನೀರು ಕುಡಿಸಬಹುದಾ ಅಂತ ಕೇಳಿದ್ದು ಆ ಅಜ್ಜಿಯೇ. ಸುಧಾಳ ಎರಡೂ ಸಾರಾಂಶದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಉತ್ತರ? ರೆಕಾರ್ಡಿಂಗಿನಲ್ಲಿ ಮಾತೇ ಇಲ್ಲ. ಕುರ್ಚಿ ಎಳೆದ ಸದ್ದು, ಯಾರೋ ನಕ್ಕ ಸದ್ದು. ಅಧ್ಯಕ್ಷರಿಗೆ ನೆನಪಿತ್ತು: “ಸಾಹೇಬ್ರು ತಲೆ ಆಡಿಸಿದ್ರು.” ಹೇಗೆ ಆಡಿಸಿದರು, ಹೌದು ಅಂತಲೋ ಬೇಡ ಅಂತಲೋ? ಅಧ್ಯಕ್ಷರು ಒಂದು ಥರ ಆಡಿಸಿ ತೋರಿಸಿದರು, ಸುಧಾ ಇನ್ನೊಂದು ಥರ.

ಅಂದರೆ ಎಂಜಿನಿಯರ್ ಕುರಿ ವಿಷಯದಲ್ಲಿ ಏನೂ ಹೇಳಿರಲೇ ಇಲ್ಲ. ಅವರು ಕೊಡದ ಉತ್ತರವನ್ನು ‘ಬಳಸಬಾರದು’ ಅನ್ನುವ ಪದ ಕೊಟ್ಟುಬಿಟ್ಟಿತ್ತು, ಅಜ್ಜಿ ಅದನ್ನು ನಂಬಿ ನಾಲ್ಕು ದಿನ ನಡೆದಿದ್ದರು.

ಸುಧಾ ಅಲ್ಲೇ ಎಂಜಿನಿಯರ್‌ಗೆ ಫೋನ್ ಮಾಡಿದಳು. ಅವರು ಎತ್ತಲಿಲ್ಲ, ಸಂಜೆ ಅವರೇ ಮಾಡಿ, ಜಾನುವಾರು ವಿಷಯ ತಮ್ಮ ಇಲಾಖೆಯದಲ್ಲ, ಪಶುವೈದ್ಯರನ್ನು ಕೇಳಿ ಅಂದರಂತೆ. ಇದನ್ನು ಸಾರಾಂಶದಲ್ಲಿ ಹೇಗೆ ಬರೆಯುವುದು? ಚಿಹ್ನೆ ಹಾಕೋಣ ಅಂದಳು ಸುಧಾ. ನಾನು ಬೇಡ ಅಂದೆ. ಫೋನಿನ ಮಾತು ರೆಕಾರ್ಡ್ ಆಗಿಲ್ಲ, ಬರೆದುಕೊಂಡೂ ಇಲ್ಲ, ನೆನಪಿನಿಂದ ಹೇಳುತ್ತಿದ್ದೀಯ. ನೆನಪಿಗೆ ಚಿಹ್ನೆ ಇಲ್ಲ. ಜೊತೆಗೆ ಅದು ಸಭೆಯಲ್ಲಿ ಆಡಿದ ಮಾತೂ ಅಲ್ಲ. ಸಭೆ ಆದ ಮೇಲೆ ಫೋನಿನಲ್ಲಿ ತಿಳಿಸಿದ್ದು ಅಂತ ಬೇರೆಯಾಗಿ ಬರೆಯಬೇಕು.

ಅಜ್ಜಿಯ ಪ್ರಶ್ನೆಗೂ ಚಿಹ್ನೆ ಬೇಡ ಅಂತ ತೀರ್ಮಾನವಾಯಿತು. ಅವರು ಕೇಳಿದ್ದು ತೆಲುಗಿನಲ್ಲಿ, ಕನ್ನಡದ ವಾಕ್ಯ ನಮ್ಮದು. ಅನುವಾದವನ್ನು ಚಿಹ್ನೆಯೊಳಗೆ ಇಟ್ಟು, ಅನುವಾದ ಅಂತ ಹೇಳದೆ ಬಿಟ್ಟರೆ ಅದೂ ತೂಬಿನ ಕಥೆಯೇ.

ಕೊನೆಯ ರೂಪ

ಅಂಟಿಸುವ ಮುಂಚೆ ಒಂದು ಸಣ್ಣ ವಿಷಯ ಹೊಳೆಯಿತು. ಹೊಳೆದದ್ದು ನನಗಲ್ಲ, ಡೈರಿ ಕಾರ್ಯದರ್ಶಿಗೆ. ಅಲ್ಲಿ ಹಾಳೆಯನ್ನು ಓದುವವರು ಕಡಿಮೆ, ಕೇಳುವವರು ಜಾಸ್ತಿ. ಒಬ್ಬ ಹುಡುಗ ಗಟ್ಟಿಯಾಗಿ ಓದುತ್ತಾನೆ, ಇಪ್ಪತ್ತು ಜನ ಕೇಳುತ್ತಾರೆ. ಉದ್ಧರಣ ಚಿಹ್ನೆ ಕಿವಿಗೆ ಕೇಳುತ್ತದಾ? ಇಲ್ಲ. ‘ಎಂದರು’ ಕೇಳುತ್ತದೆ, ಆದರೆ ಅದು ಬರುವುದು ಮಾತು ಮುಗಿದ ಮೇಲೆ. ಆ ಮಾತು ಎಲ್ಲಿಂದ ಶುರುವಾಯಿತು ಅಂತ ಕೇಳುಗರಿಗೆ ಗೊತ್ತಾಗುವುದೇ ಇಲ್ಲ.

ಹಾಗಾಗಿ ಹೇಳಿದವರನ್ನು ವಾಕ್ಯದ ಕೊನೆಯಿಂದ ಎತ್ತಿ ಮೊದಲಿಗೆ ಇಟ್ಟೆವು. ‘ಅವರ ಮಾತು ಇದು’ ಅಂತ ಬಾಗಿಲು ತೆರೆಯುವುದು, ‘ಇಷ್ಟು ಅವರ ಮಾತು’ ಅಂತ ಬಾಗಿಲು ಹಾಕುವುದು. ಓದಲು ಸ್ವಲ್ಪ ಒರಟು. ಕೇಳಲು ಚೊಕ್ಕ. ಅಂಟಿಸಿದ ಪುಟದ ನಡುವಿನ ಭಾಗ ಹೀಗಿತ್ತು:

ಕೆರೆ ನೀರಿನ ಬಗ್ಗೆ ಎಂಜಿನಿಯರ್ ಹೇಳಿದ ಮಾತು ಇದು (ರೆಕಾರ್ಡಿಂಗ್ 47ನೇ ನಿಮಿಷ): “ಕೆರೆಗೆ ಮೋಟರ್ ಇಟ್ಟು ನೀರು ಎತ್ತೋ ಹಾಗಿಲ್ಲ. ಬೋರ್‌ವೆಲ್ ವಿಷಯ ನಾನು ಹೇಳ್ತಿಲ್ಲ, ಅದು ಬೇರೆ. ಕುಡಿಯೋಕಂತೂ ಬೇಡ್ವೇ ಬೇಡ.” ಇಷ್ಟು ಅವರ ಮಾತು. ಮೀನು ಸಾಕಣೆ ಬಗ್ಗೆ ಸಭೆಯಲ್ಲಿ ಅವರು ಏನೂ ಹೇಳಲಿಲ್ಲ.

ಕುರಿಗಳಿಗೆ ನೀರು ಕುಡಿಸಬಹುದೇ ಎಂದು ಒಬ್ಬರು ತೆಲುಗಿನಲ್ಲಿ ಕೇಳಿದರು. ಸಭೆಯಲ್ಲಿ ಇದಕ್ಕೆ ಉತ್ತರ ಬರಲಿಲ್ಲ. ಇದು ತಮ್ಮ ಇಲಾಖೆಯ ವಿಷಯವಲ್ಲ, ಪಶುವೈದ್ಯರನ್ನು ಕೇಳಬೇಕು ಎಂದು ಎಂಜಿನಿಯರ್ ಆಮೇಲೆ ಫೋನಿನಲ್ಲಿ ತಿಳಿಸಿದರು.

ತೂಬಿನ ಬಗ್ಗೆ ಅಧ್ಯಕ್ಷರ ಮಾತು ಇದು: “ಯುಗಾದಿ ಹೊತ್ತಿಗೆ ಮಾಡ್ಸೋಕೆ ನೋಡೋಣ ... [ಸರ್ಕಾರದ] ದುಡ್ಡು ಬಂದ್ರೆ.” ಇಷ್ಟು ಅವರ ಮಾತು.

ಚೌಕ ಕಂಸದ ‘ಸರ್ಕಾರದ’ ನಾವು ಸೇರಿಸಿದ್ದು. ಯಾವ ದುಡ್ಡು ಅಂತ ಎರಡು ವಾಕ್ಯ ಹಿಂದೆ ಅವರು ಹೇಳಿದ್ದರು. ಆ ವಾಕ್ಯ ಇಲ್ಲದೆ ಓದಿದರೆ ಸಂಘದ ದುಡ್ಡು ಅಂತ ತಿಳಿಯುತ್ತಾರೆ. ಚೌಕ ಕಂಸ ಅಂದರೆ ಬರೆದವರು ಸೇರಿಸಿದ್ದು, ಮೂರು ಚುಕ್ಕೆ ಅಂದರೆ ಬಿಟ್ಟದ್ದು ಅಂತ ಪುಟದ ಕೆಳಗೆ ಒಂದು ಸಾಲು ಹಾಕಿದೆವು. ಗಟ್ಟಿಯಾಗಿ ಓದುವ ಹುಡುಗ ಅದನ್ನೂ ಓದಿದ, “ಚುಕ್ಕೆ ಚುಕ್ಕೆ ಚುಕ್ಕೆ” ಅಂತ. ಎಲ್ಲರೂ ನಕ್ಕರು. ನಕ್ಕರೂ ಅಲ್ಲಿ ಏನೋ ಬಿಟ್ಟಿದ್ದಾರೆ ಅಂತ ಗೊತ್ತಾಯಿತಲ್ಲ.

ಆದದ್ದು, ಆಗದ್ದು

ಮೀನಿನವರು ಎರಡನೇ ಕಂತು ಕಟ್ಟಿದರು. ಮೋಟರಿನವರಿಗೆ ಜೊತೆಗಾರರು ತಪ್ಪಿದರು. ಮೋಟರ್ ನಿಂತಿತಾ ಅಂದರೆ, ಎರಡು ನಿಂತವು, ಒಂದು ಇನ್ನೂ ರಾತ್ರಿ ಹೊತ್ತು ಓಡುತ್ತದೆ ಅಂತ ನೀರಗಂಟಿ ಹೇಳುತ್ತಾನೆ. ಅದು ಚಿಹ್ನೆಯಿಂದ ಆಗುವ ಕೆಲಸ ಅಲ್ಲ. ಅಜ್ಜಿ ಪಶುವೈದ್ಯರನ್ನು ಕೇಳಲು ಮಗನನ್ನು ಕಳಿಸಿದರು.

ಯುಗಾದಿ ಬಂತು, ದುಡ್ಡು ಬರಲಿಲ್ಲ, ತೂಬು ಹಾಗೇ ಇದೆ. ಅಧ್ಯಕ್ಷರನ್ನು ಯಾರೂ ಬೈಯಲಿಲ್ಲ. ಬದಲಿಗೆ ಊರಿನಲ್ಲಿ ಅದು ಗಾದೆಯ ಥರ ಆಗಿದೆ. ಮಗಳ ಮದುವೆ ಯಾವಾಗ ಅಂದರೂ “ನೋಡೋಣ, ದುಡ್ಡು ಬಂದ್ರೆ” ಅನ್ನುತ್ತಾರೆ. ಅಧ್ಯಕ್ಷರಿಗೆ ಇದು ಇಷ್ಟವಿಲ್ಲ, ಆದರೆ ತನ್ನ ಮಾತಲ್ಲ ಅನ್ನುವಂತಿಲ್ಲ.

ನಾವು ಎಣಿಸದೇ ಇದ್ದ ಒಂದು ಪರಿಣಾಮ ಮುಂದಿನ ಸಭೆಯಲ್ಲಿ ಕಾಣಿಸಿತು. ಎಂಜಿನಿಯರ್ ಬಂದು ಕೂತವರೇ ಮೇಜಿನ ಮೇಲೆ ಫೋನು ಇರುವುದನ್ನು ನೋಡಿದರು. ಅವತ್ತು ಅವರ ಮಾತು ಬರೀ ಗ್ರಾಂಥಿಕ. “ಈ ಬಗ್ಗೆ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.” ‘ಎತ್ತೋ ಹಾಗಿಲ್ಲ’ ಅಂದಷ್ಟು ನೇರವಾದ ಮಾತು ಒಂದೂ ಬರಲಿಲ್ಲ. ಸುಧಾ ಅವತ್ತಿನ ಸಾರಾಂಶದಲ್ಲಿ ಒಂದು ಚಿಹ್ನೆಯನ್ನೂ ಹಾಕಲಿಲ್ಲ, ಹಾಕುವಂಥದ್ದು ಏನೂ ಇರಲಿಲ್ಲ.

ಸಭೆ ಮುಗಿದು ಎಲ್ಲರೂ ಏಳುವಾಗ ಅವರು ಜೀಪಿನ ಹತ್ತಿರ ನಿಂತು ಅವಳನ್ನು ಕರೆದರು. ತೂಬಿಗೆ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಐದು ನಿಮಿಷ ಬಿಡಿಸಿ ಹೇಳಿದರು. ಆಮೇಲೆ, “ಇದನ್ನ ಬರ್ಕೋಬೇಡಮ್ಮ” ಅಂದರು.

ಅವಳು ಬರೆದುಕೊಳ್ಳಲಿಲ್ಲ. ಹಾಗಾಗಿ ಇಲ್ಲಿಯೂ ಅದು ಇಲ್ಲ.